ಸಿರೋಸಿಸ್ ರೋಗಿಯ ಪ್ರೋಟೀನ್ ಲೆಕ್ಕ ಮತ್ತು ಮಲಗುವ ಮುನ್ನಿನ ತಿಂಡಿ

ದೀರ್ಘಕಾಲದ ಯಕೃತ್ತಿನ ಕಾಯಿಲೆ ಸಿರೋಸಿಸ್ ಹಂತಕ್ಕೆ ಬಂದವರ ಆಹಾರದಲ್ಲಿ ದಿನಕ್ಕೆ ಎಷ್ಟು ಪ್ರೋಟೀನ್ ಇರಬೇಕು, ಅದನ್ನು ಯಾವ ಯಾವ ಹೊತ್ತಿಗೆ ಹಂಚಬೇಕು ಎಂಬುದನ್ನು ಗ್ರಾಂ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳುವ ಕ್ರಮ. ‘ಲಿವರ್ ಕೆಟ್ಟಿದೆ, ಬೇಳೆ ಮೊಟ್ಟೆ ಬಿಡಿ’ ಎನ್ನುವ ಹಳೆಯ ಸಲಹೆ ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಇದಕ್ಕೆ ತದ್ವಿರುದ್ಧ.

ಆರೋಗ್ಯವಂತರ ಯಕೃತ್ತು ಹಗಲಿನ ಊಟದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು ರಾತ್ರಿಯಿಡೀ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್‌ನಲ್ಲಿ ಈ ದಾಸ್ತಾನು ಕಡಿಮೆ, ಬೇಗ ಬರಿದಾಗುತ್ತದೆ. ಆಗ ದೇಹ ಕೊಬ್ಬನ್ನು ಉರಿಸುವುದರ ಜೊತೆಗೆ ಸ್ನಾಯುವನ್ನು ಒಡೆದು ಸಕ್ಕರೆ ತಯಾರಿಸಿಕೊಳ್ಳುತ್ತದೆ. ಒಂದು ರಾತ್ರಿಯ ಉಪವಾಸ ಇವರಿಗೆ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಸ್ನಾಯು ಕರಗಿದರೆ ಬಲ ಕುಂದುವುದಷ್ಟೇ ಅಲ್ಲ. ರಕ್ತದಲ್ಲಿನ ಅಮೋನಿಯವನ್ನು ಹೀರಿ ಗ್ಲುಟಮಿನ್ ಆಗಿ ಮಾರ್ಪಡಿಸುವ ಕೆಲಸದಲ್ಲಿ ಸ್ನಾಯುವಿಗೂ ಪಾಲಿದೆ. ಆದ್ದರಿಂದ ಅಮೋನಿಯಕ್ಕೆ ಹೆದರಿ ಪ್ರೋಟೀನ್ ಬಿಟ್ಟವರು ಅಮೋನಿಯ ತೆಗೆಯುವ ಅಂಗವನ್ನೇ ಸವೆಸಿಕೊಳ್ಳುತ್ತಾರೆ.

ಲೆಕ್ಕ ಶುರುವಾಗುವುದು ತೂಕದಿಂದ, ಆದರೆ ತಕ್ಕಡಿ ತೋರಿಸಿದ ತೂಕದಿಂದಲ್ಲ. ಹೊಟ್ಟೆಯಲ್ಲಿ ತುಂಬಿದ ನೀರಿಗೆ ಪ್ರೋಟೀನ್ ಬೇಕಿಲ್ಲ. ಜಲೋದರ ಅಲ್ಪವಿದ್ದರೆ ತೂಕದಲ್ಲಿ ಶೇ. 5, ಮಧ್ಯಮವಾಗಿದ್ದರೆ ಶೇ. 10, ತೀವ್ರವಾಗಿದ್ದರೆ ಶೇ. 15 ಕಳೆಯುವುದು, ಎರಡೂ ಕಾಲು ಊದಿದ್ದರೆ ಇನ್ನೊಂದು ಶೇ. 5 ಕಳೆಯುವುದು ರೂಢಿ. ಉಳಿದ ‘ಒಣ ತೂಕ’ದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಪ್ರೋಟೀನ್ ಬೇಕು. ಸ್ನಾಯು ಸೊರಗಿದವರಿಗೆ ಇದು 1.5 ಗ್ರಾಂ.

ಒಂದು ಉದಾಹರಣೆ. ತಕ್ಕಡಿಯಲ್ಲಿ 60 ಕಿಲೋ ತೂಗುವ, ಮಧ್ಯಮ ಜಲೋದರವಿರುವ, ತೋಳು ತೊಡೆ ಸಣ್ಣಗಾದ ವ್ಯಕ್ತಿಯ ಒಣ ತೂಕ 54 ಕಿಲೋ. 1.5ರಿಂದ ಗುಣಿಸಿದರೆ ದಿನದ ಗುರಿ 81 ಗ್ರಾಂ. ಇದು ಆಹಾರದ ತೂಕವಲ್ಲ, ಅದರೊಳಗಿನ ಪ್ರೋಟೀನಿನ ತೂಕ. ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ ಮಾತ್ರ, ಅದೇ ಬೇಳೆ ಬೆಂದು ನೀರು ಕುಡಿದ ಮೇಲೆ ನೂರು ಗ್ರಾಮಿಗೆ ಇನ್ನೂ ಕಡಿಮೆ. ಮನೆಯವರು ಹೆಚ್ಚಾಗಿ ಎಡವುವುದು ಇಲ್ಲೇ. ಅಳತೆ ಯಾವಾಗಲೂ ಬೇಯಿಸುವ ಮುಂಚೆಯೇ ಆಗಬೇಕು. ತಿಳಿಸಾರಿನಲ್ಲಂತೂ ಲೆಕ್ಕಕ್ಕೆ ಹಿಡಿಯುವಷ್ಟು ಪ್ರೋಟೀನ್ ಇರುವುದಿಲ್ಲ.

ಆ 81 ಗ್ರಾಮನ್ನು ದಿನಕ್ಕೆ ಹೀಗೆ ಹಂಚಬಹುದು. ಬೆಳಿಗ್ಗೆ ಏಳೂವರೆಗೆ ಮೂರು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ: ಸುಮಾರು 18 ಗ್ರಾಂ. ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ಬೇಳೆ ಹಾಕಿದ ಗಟ್ಟಿ ಹುಳಿ, 150 ಗ್ರಾಂ ಮೊಸರು: 20 ಗ್ರಾಂ. ಸಂಜೆ 30 ಗ್ರಾಂ ಹೆಸರುಕಾಳಿನ ಉಸಲಿ ಮತ್ತು ಒಂದು ಲೋಟ ಹಾಲು: 13. ರಾತ್ರಿ ಏಳೂವರೆಗೆ ಎರಡು ಚಪಾತಿ, 50 ಗ್ರಾಂ ಪನೀರ್ ಹಾಕಿದ ಪಲ್ಯ: 15. ಇಲ್ಲಿಗೆ 66 ಗ್ರಾಂ ಆಯಿತು, ಇನ್ನೂ 15 ಬಾಕಿ. ಮೊಟ್ಟೆ ತಿನ್ನದವರು ಅದರ ಬದಲು 60 ಗ್ರಾಂ ಪನೀರ್ ತೆಗೆದುಕೊಳ್ಳಬಹುದು.

ಆ ಬಾಕಿಯನ್ನು ತುಂಬುವುದೇ ಮಲಗುವ ಮುನ್ನ, ಹತ್ತು ಗಂಟೆಯ ಹೊತ್ತಿಗೆ ತಿನ್ನುವ ತಿಂಡಿ. 250 ಮಿಲಿ ಹಾಲಿನಲ್ಲಿ 40 ಗ್ರಾಂ ರಾಗಿ ಹಿಟ್ಟಿನ ಗಂಜಿ ಕಾಯಿಸಿ, 25 ಗ್ರಾಂ ಹುರಿಗಡಲೆಯ ಪುಡಿ ಬೆರೆಸಿದರೆ ಹಾಲಿನಿಂದ 8, ರಾಗಿಯಿಂದ 3, ಕಡಲೆಯಿಂದ 5, ಒಟ್ಟು 16 ಗ್ರಾಂ ಪ್ರೋಟೀನ್ ಆಗುತ್ತದೆ. ಜೊತೆಗೆ ಸುಮಾರು 50 ಗ್ರಾಂ ಪಿಷ್ಟ ಮತ್ತು ಸಕ್ಕರೆ. ಬೆಳಗಿನವರೆಗೆ ಸ್ನಾಯುವನ್ನು ಕಾಯುವುದು ಮುಖ್ಯವಾಗಿ ಈ ಐವತ್ತು. ಹಾಗಾಗಿ ಬರೀ ಪ್ರೋಟೀನ್ ಪುಡಿ ಕಲಸಿ ಕುಡಿದರೆ ಅರ್ಧ ಕೆಲಸವೇ ಆಗುತ್ತದೆ. ರಾತ್ರಿಯ ಊಟವನ್ನೇ ಹತ್ತಕ್ಕೆ ಮುಂದೂಡುವುದೂ ಇದಕ್ಕೆ ಬದಲಿಯಲ್ಲ.

ಹೊತ್ತು ಮುಖ್ಯವೆಂಬುದಕ್ಕೆ ನ್ಯೂಜಿಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಸಾಕ್ಷಿ. 710 ಕಿಲೋಕ್ಯಾಲೊರಿ, 26 ಗ್ರಾಂ ಪ್ರೋಟೀನ್ ಇರುವ ಒಂದೇ ಪೂರಕ ಪೇಯವನ್ನು ಕೆಲವರಿಗೆ ಹಗಲಲ್ಲಿ, ಕೆಲವರಿಗೆ ರಾತ್ರಿ ಕೊಡಲಾಯಿತು. ವರ್ಷದ ಕೊನೆಗೆ ರಾತ್ರಿ ಕುಡಿದವರ ದೇಹದಲ್ಲಿ ಸುಮಾರು ಎರಡು ಕಿಲೋ ಕೊಬ್ಬಿಲ್ಲದ ಅಂಗಾಂಶ ಕೂಡಿತ್ತು. ಹಗಲು ಕುಡಿದವರಿಗೆ ಆ ಲಾಭ ಸಿಗಲಿಲ್ಲ.

ಯೋಜನೆ ಫಲಿಸುತ್ತಿದೆಯೇ ಎಂದು ತೂಕ ಹೇಳದು, ನೀರು ಏರಿಳಿಯುತ್ತಿರುತ್ತದೆ. ತೋಳಿನ ಸುತ್ತಳತೆ, ಕೈಹಿಡಿತದ ಬಲ, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲು ಹಿಡಿಯುವ ಸಮಯ ಇವು ಹೆಚ್ಚು ನಂಬಿಕೆಯ ಸೂಚನೆಗಳು. ಜಲೋದರವಿದ್ದವರು ದಿನಕ್ಕೆ ಉಪ್ಪು ಸುಮಾರು 5 ಗ್ರಾಂ ಮೀರಬಾರದು, ಉಪ್ಪಿನಕಾಯಿ ಹಪ್ಪಳದ ಉಪ್ಪೂ ಅದರಲ್ಲೇ ಸೇರಬೇಕು. ಮಧುಮೇಹವಿದ್ದರೆ ಗಂಜಿಗೆ ಬೆಲ್ಲ ಸಕ್ಕರೆ ಹಾಕಬಾರದು, ಔಷಧಿಯ ಪ್ರಮಾಣವನ್ನು ವೈದ್ಯರೇ ಹೊಂದಿಸಬೇಕು. ಮೂತ್ರಪಿಂಡವೂ ಸೋತಿದ್ದರೆ ಮೇಲಿನ ಲೆಕ್ಕವನ್ನು ವೈದ್ಯರ ಮುಂದಿಟ್ಟೇ ಮುಂದುವರಿಯಬೇಕು.

ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ಚಾಚಿದ ಕೈ ರೆಕ್ಕೆಯಂತೆ ಬಡಿದರೆ, ಮಾತು ತಡವರಿಸಿದರೆ ಅದು ಮಿದುಳಿಗೆ ತಟ್ಟಿದ ತೊಂದರೆಯಾಗಿರಬಹುದು. ಹೆಚ್ಚಿನ ಸಲ ಅದರ ಹಿಂದೆ ಮಲಬದ್ಧತೆ, ಸೋಂಕು ಅಥವಾ ಹೊಟ್ಟೆಯೊಳಗಿನ ರಕ್ತಸ್ರಾವ ಇರುತ್ತದೆ. ಅಂಥ ಹೊತ್ತಿನಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚೇತರಿಸಿಕೊಂಡು ಮನೆಗೆ ಬಂದಮೇಲೆ ಬೇಳೆ, ಮೊಸರು, ರಾತ್ರಿಯ ಗಂಜಿಯನ್ನು ನೀವಾಗಿ ನಿಲ್ಲಿಸಬೇಡಿ.