ಊರಿನ ಹೆಸರಿನಿಂದ ನುಡಿಯ ಹೆಸರಿಗೆ



1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಕಲ್ಲಚ್ಚಿನ ಪಾಕ್ಷಿಕ; ಕೈಬರಹವನ್ನೇ ಕಲ್ಲಿಗಿಳಿಸಿ ಅಚ್ಚು ತೆಗೆಯುತ್ತಿದ್ದರು. ಮರುವರ್ಷ ಅಚ್ಚುಮೊಳೆಗಳ ಸೌಕರ್ಯವಿದ್ದ ಬಳ್ಳಾರಿಗೆ ಪತ್ರಿಕೆ ಹೋಯಿತು. ಅಲ್ಲಿ ಅದರ ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು.

ಆಗ ಮಂಗಳೂರು, ಬಳ್ಳಾರಿ ಮದರಾಸಿಗೆ ಸೇರಿದ್ದವು, ಧಾರವಾಡ ಮುಂಬಯಿಗೆ. ಮೈಸೂರಿನದು ಬೇರೆಯೇ ಆಡಳಿತ. ಈ ಸೀಮೆಗಳನ್ನು ಕೂಡಿಸಿದ ರಾಜ್ಯ ಬಂದದ್ದು 1956ರಲ್ಲಿ.

ಮಾರುಕಟ್ಟೆ ಹುಡುಕಿದ ಮುದ್ರಕರು ಒಂದು ನುಡಿಯ ಓದುಗರನ್ನು ಒಂದು ಜನವಾಗಿಸಿದರೆಂದು ಬೆನೆಡಿಕ್ಟ್ ಆಂಡರ್ಸನ್ ವಾದಿಸಿದರು. ಇಲ್ಲಿ ಬಂಡವಾಳ ವ್ಯಾಪಾರಿಯದಲ್ಲ, ಮಿಶನ್ನಿನದು; ಗುರಿ ಲಾಭವಲ್ಲ, ಧರ್ಮಪ್ರಚಾರ. ಪತ್ರಿಕೆ ಹೆಚ್ಚು ಕಾಲ ಬಾಳಲೂ ಇಲ್ಲ. ಆದರೂ ಓದುಗರನ್ನು ಊರಿನಿಂದಲ್ಲ, ನುಡಿಯಿಂದ ಗುರುತಿಸುವ ಹೆಸರು ರಾಜ್ಯಕ್ಕಿಂತ 112 ವರ್ಷ ಮೊದಲೇ ಅಚ್ಚಾಗಿತ್ತು.