ರಾತ್ರಿ ಕುಡಿದು ಮಲಗಿದವರು ಬೆಳಿಗ್ಗೆ ಟೆಸ್ಟ್‌ನಲ್ಲಿ ಸಿಕ್ಕಿಬೀಳುವುದೇಕೆ?

‘ನಿದ್ದೆ ಮಾಡಿ ಎದ್ದರೆ ನಶೆ ಇಳಿಯುತ್ತದೆ. ಮಜ್ಜಿಗೆ, ನಿಂಬೆರಸ ಕುಡಿದು ತಣ್ಣೀರು ಸ್ನಾನ ಮಾಡಿದರೆ ಮೆಷಿನ್‌ಗೂ ಗೊತ್ತಾಗುವುದಿಲ್ಲ.’ ಇಂಥ ಸಲಹೆ ನಿಮಗೂ ಬಂದಿರಬಹುದು. ಇದು ಸುಳ್ಳು.

ಒಂದು ಲೆಕ್ಕ ನೋಡೋಣ. ಮೈಸೂರಿನ ಲಷ್ಕರ್ ಮೊಹಲ್ಲಾದ ಒಬ್ಬ ಬಸ್ ಚಾಲಕರನ್ನು ಕಲ್ಪಿಸಿಕೊಳ್ಳಿ. ತೂಕ 65 ಕಿಲೋ. ರಾತ್ರಿ 11ರ ಹೊತ್ತಿಗೆ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿ ಕುಡಿದರು. ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದು ಮೈಗೆ ಹರಡಿದಾಗ 100 ಮಿ.ಲೀ. ರಕ್ತದಲ್ಲಿ ಅಂದಾಜು 135 ಮಿಲಿಗ್ರಾಂ ಆಗುತ್ತದೆ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ ಇಳಿಸುತ್ತದೆ. ಬೆಳಿಗ್ಗೆ 6ಕ್ಕೆ ಅವರು ಸ್ಟೇರಿಂಗ್ ಹಿಡಿಯುವಾಗ ಇನ್ನೂ 30 ಮಿಲಿಗ್ರಾಂ ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿಯೂ ಅದೇ 30. ಪೂರ್ತಿ ಇಳಿಯಲು 8 ಗಂಟೆ ದಾಟಬೇಕು.

ಈ ವೇಗವನ್ನು ನಿದ್ದೆ, ಕಾಫಿ, ಸ್ನಾನ ಯಾವುದೂ ಹೆಚ್ಚಿಸುವುದಿಲ್ಲ. ಏಲಕ್ಕಿ, ಪುದೀನ ಅಗಿದರೆ ಬಾಯಿಯ ವಾಸನೆ ಮುಚ್ಚಬಹುದು ಅಷ್ಟೆ. ಟೆಸ್ಟ್ ಮಾಡುವ ಯಂತ್ರ ಅಳೆಯುವುದು ರಕ್ತದಿಂದ ಶ್ವಾಸಕೋಶಕ್ಕೆ ಬಂದ ಆಲ್ಕೋಹಾಲನ್ನು.

ಹಾಗಾದರೆ ಮೌತ್‌ವಾಶ್ ಬಳಸಿದವರೂ ಸಿಕ್ಕಿಬೀಳುತ್ತಾರೆಯೇ? ಬಳಸಿದ ಕೆಲವು ನಿಮಿಷ ಯಂತ್ರ ತಪ್ಪು ತೋರಿಸಬಹುದು. ಬಾಯಿ ಮುಕ್ಕಳಿಸಿ, 15–20 ನಿಮಿಷ ಬಿಟ್ಟು ಮತ್ತೆ ಊದಿಸಿದರೆ ಅದು ಹೋಗಿರುತ್ತದೆ. ಕುಡಿದವರದ್ದು ಹೋಗುವುದಿಲ್ಲ. ಎರಡನೇ ಟೆಸ್ಟ್ ಇರುವುದು ಇದಕ್ಕೇ.

ಇನ್ನು, ‘ಸ್ವಲ್ಪ ಇದ್ದರೆ ಏನಾಯಿತು?’ ಎಂಬ ಪ್ರಶ್ನೆ. ಗಂಟೆಗೆ 60 ಕಿ.ಮೀ. ವೇಗದ ಬಸ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬ್ರೇಕ್ ಒತ್ತಲು ಅರ್ಧ ಸೆಕೆಂಡ್ ತಡವಾದರೂ 8 ಮೀಟರ್ ಮುಂದೆ ಹೋಗಿರುತ್ತದೆ. ಕಾರ್ಖಾನೆಯ ಪ್ರೆಸ್ ಮುಂದೆ ನಿಂತವರಿಗೆ ಕೈ ಹಿಂದೆಗೆಯಲು ಅಷ್ಟು ಸಮಯವೂ ಇರುವುದಿಲ್ಲ. ಹಲವು ಕಡೆ ಒಟ್ಟಿಗೆ ಗಮನ ಇಡುವ ಶಕ್ತಿ ಕಡಿಮೆ ಪ್ರಮಾಣದಲ್ಲೇ ಕುಂದುತ್ತದೆ. ‘ನಾನು ಸರಿಯಾಗೇ ಇದ್ದೀನಿ’ ಎಂಬ ಧೈರ್ಯ ಮಾತ್ರ ಕುಂದುವುದಿಲ್ಲ.

ಆದ್ದರಿಂದಲೇ ವಿಮಾನಯಾನ ಮಹಾನಿರ್ದೇಶನಾಲಯ ಪೈಲಟ್‌ಗಳಿಗೆ ಅಳತೆಯ ಲೆಕ್ಕಕ್ಕೇ ಅವಕಾಶ ಕೊಟ್ಟಿಲ್ಲ. ಹಾರಾಟಕ್ಕೆ ಮೊದಲಿನ 12 ಗಂಟೆ ಕುಡಿಯುವಂತಿಲ್ಲ, ಯಂತ್ರ 0.000 ತೋರಿಸಬೇಕು. 12 ಗಂಟೆ ಬಿಟ್ಟರೂ ಸೊನ್ನೆ ಬರದಿದ್ದರೆ ಹಾರುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು.

ಮೇಲಿನ ಲೆಕ್ಕ ಅಂದಾಜು ಮಾತ್ರ. ತೂಕ, ಊಟ, ಲಿವರ್ ಸ್ಥಿತಿಯಿಂದ ಅದು ಬದಲಾಗುತ್ತದೆ. ಅದನ್ನು ನಂಬಿ ‘ಇಷ್ಟು ಕುಡಿಯಬಹುದು’ ಎಂದು ಯಾರೂ ಡ್ಯೂಟಿಗೆ ಹೋಗಬಾರದು. ಬೆಳಿಗ್ಗೆ ಕೆಲಸವಿದ್ದರೆ ಹಿಂದಿನ ರಾತ್ರಿಯೂ ಡ್ಯೂಟಿಯ ಭಾಗವೇ.