ಸಂಚಾರ ಪೊಲೀಸರ ಕೈಸನ್ನೆಗಳು

ಸಂಚಾರ ಪೊಲೀಸರ ಕೈಸನ್ನೆಗಳು ಎಂದರೆ ವೃತ್ತ ಅಥವಾ ರಸ್ತೆಯಲ್ಲಿ ಸಂಚಾರವನ್ನು ನಿಯಂತ್ರಿಸುವ ಪೊಲೀಸರು ವಾಹನಗಳನ್ನು ನಿಲ್ಲಿಸಲು, ಬಿಡಲು ಹಾಗೂ ತಿರುಗಿಸಲು ತೋಳು ಮತ್ತು ಅಂಗೈಯಿಂದ ನೀಡುವ ಸೂಚನೆಗಳು. ಸಿಗ್ನಲ್ ದೀಪ ಕೆಟ್ಟಾಗ ಇವು ಬಳಕೆಗೆ ಬರುತ್ತವೆ ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ದೀಪ ಸರಿಯಾಗಿ ಉರಿಯುತ್ತಿರುವಾಗಲೂ ಪೊಲೀಸರು ಅದಕ್ಕೆ ವಿರುದ್ಧವಾದ ಸನ್ನೆ ಮಾಡಬಹುದು. ಆಗ ಚಾಲಕರು ಪಾಲಿಸಬೇಕಾದದ್ದು ದೀಪವನ್ನಲ್ಲ, ಸನ್ನೆಯನ್ನು.

ಕಾನೂನಿನ ಆಧಾರ

ಭಾರತದ ಮೋಟಾರು ವಾಹನ ಕಾಯ್ದೆ, 1988ರ 119ನೇ ಕಲಮಿನ ಪ್ರಕಾರ ಚಾಲಕನು ಕಡ್ಡಾಯ ಸಂಚಾರ ಫಲಕಗಳನ್ನೂ ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸ್ ಅಧಿಕಾರಿಯ ನಿರ್ದೇಶನಗಳನ್ನೂ ಪಾಲಿಸಬೇಕು. ಇವು ಪರಸ್ಪರ ವಿರುದ್ಧವಾದಾಗ ಯಾವುದು ಮೇಲು ಎಂಬುದನ್ನು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 6ನೇ ವಿಧಿ ನೇರವಾಗಿ ಹೇಳುತ್ತದೆ: ಅಧಿಕಾರಿಯ ಸೂಚನೆ ಫಲಕ, ದೀಪ, ರಸ್ತೆ ಗುರುತು ಹಾಗೂ ಸಂಚಾರ ನಿಯಮ ಎಲ್ಲಕ್ಕಿಂತ ಮೇಲು. ಭಾರತ ಈ ಒಪ್ಪಂದಕ್ಕೆ 1980ರಲ್ಲಿ ಸೇರಿತು. ಕಾನೂನುಬದ್ಧ ನಿರ್ದೇಶನವನ್ನು ಬೇಕೆಂದೇ ಮೀರಿದರೆ ಕಾಯ್ದೆಯ 179ನೇ ಕಲಮು ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಅದರಲ್ಲಿ ದಂಡ 2,000 ರೂಪಾಯಿಯವರೆಗೆ ಇದೆ. ಕಟ್ಟಡವೊಂದರ ಗೇಟಿನ ಮುಂದೆ ಕೈಬೀಸುವ ಖಾಸಗಿ ಕಾವಲುಗಾರನ ಸನ್ನೆಗೆ ಈ ಬಲವಿಲ್ಲ.

ಸನ್ನೆಯನ್ನು ಓದುವ ಬಗೆ

ಒಪ್ಪಂದದಲ್ಲಿರುವ ಮೂಲ ಸನ್ನೆಗಳು ಎರಡು. ತೋಳನ್ನು ನೇರವಾಗಿ ಮೇಲೆತ್ತಿದರೆ ಎಲ್ಲ ದಿಕ್ಕಿನವರೂ ನಿಲ್ಲಬೇಕು. ಇದು ಹಳದಿ ದೀಪದಂತೆ: ಸುರಕ್ಷಿತವಾಗಿ ನಿಲ್ಲಲಾಗದಷ್ಟು ಹತ್ತಿರ ಬಂದವರು ಮುಂದುವರಿಯಬಹುದು, ಈಗಾಗಲೇ ಕೂಡುರಸ್ತೆಯ ಒಳಗಿರುವವರು ಅಲ್ಲೇ ನಿಲ್ಲಬೇಕಾಗಿಲ್ಲ. ತೋಳುಗಳನ್ನು ಅಡ್ಡಲಾಗಿ ಚಾಚಿದರೆ ಪೊಲೀಸರ ಎದೆ ಅಥವಾ ಬೆನ್ನು ಕಾಣುವ ಚಾಲಕರು ನಿಲ್ಲಬೇಕು. ಚಾಚಿದ ತೋಳನ್ನು ಇಳಿಸಿದ ಮೇಲೂ ಈ ತಡೆ ಮುಂದುವರಿಯುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಮೊಣಕೈ ಮಡಚಿ ತಮ್ಮತ್ತ ಕೈ ಬೀಸುವುದು ಬರುವಂತೆ ಕರೆಯುವ ಸನ್ನೆ. ಅದು ಯಾರ ಕಡೆಗಿದೆ ಎಂಬುದನ್ನು ಪೊಲೀಸರ ಮುಖ ಮತ್ತು ನೋಟದಿಂದ ತಿಳಿಯಬೇಕು.

ಒಂದು ಉದಾಹರಣೆ

ನಾಲ್ಕು ರಸ್ತೆಗಳು ಸೇರುವಲ್ಲಿ ಉತ್ತರ–ದಕ್ಷಿಣದ ಸಂಚಾರಕ್ಕೆ ಹಸಿರು ದೀಪವಿದೆ, ಪೂರ್ವ–ಪಶ್ಚಿಮಕ್ಕೆ ಕೆಂಪು. ಪೂರ್ವದ ರಸ್ತೆಯಲ್ಲಿ, ಕೆಂಪು ದೀಪಕ್ಕೆ ನಿಂತ ಸಾಲಿನ ಹಿಂದೆ, ಆಂಬುಲೆನ್ಸ್ ಸಿಕ್ಕಿಕೊಂಡಿದೆ. ನಡುವೆ ನಿಂತ ಪೇದೆ ಮೊದಲು ಕೈ ಮೇಲೆತ್ತುತ್ತಾರೆ. ಉತ್ತರದಿಂದ ಬಂದು ಆಗಲೇ ನಿಲುಗಡೆ ರೇಖೆ ದಾಟಿದ ಕಾರು ಗಾಬರಿಯಿಂದ ನಡುವೆ ನಿಂತರೆ ಆಂಬುಲೆನ್ಸಿನ ದಾರಿಗೇ ಅಡ್ಡವಾಗುತ್ತದೆ; ಅದು ದಾಟಿ ಹೋಗಬೇಕು. ಅದರ ಹಿಂದಿನವರು ಹಸಿರು ಇದ್ದರೂ ರೇಖೆಯ ಹಿಂದೆಯೇ ನಿಲ್ಲಬೇಕು. ಇಲ್ಲಿ ನಿಜವಾದ ಅಪಾಯ ಹಿಂದಿನಿಂದ ಬರುತ್ತದೆ: ಹಿಂಬದಿಯ ಚಾಲಕನ ಕಣ್ಣು ಹಸಿರು ದೀಪದ ಮೇಲಿರುತ್ತದೆ, ಪೇದೆಯ ಮೇಲಲ್ಲ. ಆದ್ದರಿಂದ ಕನ್ನಡಿ ನೋಡಿ, ಸಾಧ್ಯವಾದಷ್ಟು ಮೆಲ್ಲಗೆ ಬ್ರೇಕ್ ಹಾಕುವುದು ಕ್ಷೇಮ.

ನಂತರ ಪೇದೆ ಉತ್ತರಕ್ಕೆ ಮುಖಮಾಡಿ ಎರಡೂ ತೋಳು ಚಾಚುತ್ತಾರೆ. ಉತ್ತರದವರಿಗೆ ಎದೆ, ದಕ್ಷಿಣದವರಿಗೆ ಬೆನ್ನು ಕಾಣುತ್ತದೆ, ಇಬ್ಬರಿಗೂ ತಡೆ. ಬಳಿಕ ಪೂರ್ವಕ್ಕೆ ಕತ್ತು ತಿರುಗಿಸಿ ಬಲಗೈಯಿಂದ ಕರೆಯುತ್ತಾರೆ. ಸಾಲಿನ ಮುಂದಿರುವ ಆಟೊ ಚಾಲಕ ಈಗ ಕೆಂಪು ದೀಪವನ್ನು ದಾಟಲೇಬೇಕು. ಅವನು ಕದಲದಿದ್ದರೆ ಆಂಬುಲೆನ್ಸೂ ಕದಲದು. ಆದರೆ ಕರೆದ ಮಾತ್ರಕ್ಕೆ ವೇಗವಾಗಿ ನುಗ್ಗುವಂತಿಲ್ಲ. ಹಸಿರು ಕಂಡ ದ್ವಿಚಕ್ರ ಸವಾರನೊಬ್ಬ ಪೇದೆಯನ್ನು ಗಮನಿಸದೆ ಅಡ್ಡ ಬರಬಹುದು, ಪಾದಚಾರಿಗಳು ಇನ್ನೂ ದಾಟುತ್ತಿರಬಹುದು. ಎರಡೂ ಬದಿ ನೋಡಿ, ತೋರಿಸಿದ ದಿಕ್ಕಿನಲ್ಲೇ ದಾಟಿ, ಆಚೆ ಎಡಕ್ಕೆ ಸರಿದು ದಾರಿ ಬಿಡಬೇಕು. ಪಶ್ಚಿಮದವರಿಗೂ ಪೇದೆಯ ಪಕ್ಕವೇ ಕಾಣುತ್ತದೆಯಾದರೂ ಕರೆ ಅವರಿಗಲ್ಲ. ಅವರಿಗೆ ಕೆಂಪು ಕೆಂಪೇ. ಸನ್ನೆ ತನಗೋ ಪಕ್ಕದವನಿಗೋ ಎಂದು ತಿಳಿಯದಿದ್ದರೆ ನಿಂತು, ಪೇದೆ ಮತ್ತೆ ನೋಡುವವರೆಗೆ ಕಾಯುವುದೇ ಸರಿ. ಪೇದೆ ಬದಿಗೆ ಸರಿದು ನಿಯಂತ್ರಣ ಬಿಟ್ಟ ಕ್ಷಣದಿಂದ ದೀಪದ ಆಜ್ಞೆ ಮರಳಿ ಜಾರಿಗೆ ಬರುತ್ತದೆ.

ಕ್ಯಾಮೆರಾ ಮತ್ತು ಸನ್ನೆ

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಹಲವು ವೃತ್ತಗಳಲ್ಲಿ ಸಿಗ್ನಲ್ ಉಲ್ಲಂಘನೆಯನ್ನು ಗುರುತಿಸುವ ಸ್ವಯಂಚಾಲಿತ ಕ್ಯಾಮೆರಾಗಳಿವೆ. ಇಂತಹ ಕ್ಯಾಮೆರಾ ದೀಪದ ಬಣ್ಣವನ್ನೂ ರೇಖೆಯನ್ನೂ ವಾಹನವನ್ನೂ ಹೊಂದಿಸಿ ನೋಡುತ್ತದೆಯೇ ಹೊರತು ಪೇದೆಯ ಕೈಯನ್ನು ಓದುವುದಿಲ್ಲ. ಹೀಗಾಗಿ ಆಜ್ಞೆ ಪಾಲಿಸಿದವನಿಗೂ ನೋಟಿಸ್ ಬರುವ ಸಾಧ್ಯತೆಯಿದೆ. ದಂಡ ಕಟ್ಟುವ ಮೊದಲು ಅದನ್ನು ಪ್ರಶ್ನಿಸಲು ಅವಕಾಶವಿರುತ್ತದೆ. ಆಗ ನೆರವಿಗೆ ಬರುವುದು ಸ್ಥಳ, ದಿನಾಂಕ, ನಿಖರ ಸಮಯ, ವಾಹನದ ಡ್ಯಾಶ್‌ಕ್ಯಾಮ್ ದೃಶ್ಯ, ಅಥವಾ ನೋಟಿಸಿನ ಚಿತ್ರದಲ್ಲೇ ಪೇದೆ ಕಾಣಿಸುತ್ತಿರುವುದು.